ತೂಕ, ಅಂಚು, ಪಟ್ಟಿ: ಹಳೆಯ ಸೈನಿಕ ಪದಕದ ಸಾಚಾತನವನ್ನು ತಿಳಿಯುವ ಬಗೆ



ಕೆಲವು ತಿಂಗಳುಗಳ ಹಿಂದೆ ಪದವಿ ತರಗತಿಯ ಇಬ್ಬರು ವಿದ್ಯಾರ್ಥಿಗಳು ನನ್ನ ಬಳಿಗೆ ಎರಡು ಪದಕಗಳನ್ನು ತಂದರು. ಒಂದು ಪದಕ ಹುಡುಗನದು. ವಾರದ ಸಂತೆಯಲ್ಲಿ ಹಳೆಯ ಸಾಮಾನು ಮಾರುವವರೊಬ್ಬರಿಂದ ಅವನು ಅದನ್ನು ಕೊಂಡಿದ್ದ. ಬೆಳ್ಳಿಯ ಪದಕ, ಅಂಚಿನ ಮೇಲೆ ಮೈಸೂರು ಲ್ಯಾನ್ಸರ್ಸ್ ದಳದ ಸವಾರನೊಬ್ಬನ ಹೆಸರು. ಕೈಯಲ್ಲಿ ಹಿಡಿದರೆ ಭಾರವಾಗಿತ್ತು, ಲಕಲಕನೆ ಹೊಳೆಯುತ್ತಿತ್ತು. ಇನ್ನೊಂದು ಹುಡುಗಿಯದು. ಅವಳ ಅಜ್ಜಿಯ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ಹಳೆಯ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇದ್ದದ್ದು. ಕಂದು ಬಣ್ಣ, ಕಡಿಮೆ ತೂಕ, ಹೊಳಪಿಲ್ಲ. ಅವಳ ಮುತ್ತಜ್ಜ ಆಗಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಕಡೆಯವರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಡಗು ಹತ್ತಿ ಬಸ್ರಾಕ್ಕೆ ಹೋಗಿ ಬಂದವರೆಂದು ಮನೆಯಲ್ಲಿ ಮಾತಿತ್ತು. ಅಂಗಡಿಯೊಂದರಲ್ಲಿ ತೋರಿಸಿದಾಗ, “ಅಸಲಿಯಾದರೆ ಬೆಳ್ಳಿ ಇರಬೇಕಿತ್ತಮ್ಮ. ಇದು ಹಿತ್ತಾಳೆ, ನಕಲಿ” ಎಂದು ಹೇಳಿ ಕಳುಹಿಸಿದ್ದರು. ಆ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳಾ ಸಾರ್?”

ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಅಕ್ಕಸಾಲಿಗರು ಬಳಸುವಂಥ ಸಣ್ಣ ತಕ್ಕಡಿ, ನಿಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದ ವರ್ನಿಯರ್ ಕ್ಯಾಲಿಪರ್, ಒಂದು ಭೂತಗನ್ನಡಿ, ಒಂದು ಲೋಟ ನೀರು, ಇಷ್ಟಿದ್ದರೆ ಸಾಕು.

ಮೊದಲು ಅಸಲು ಪದಕ ಹೇಗಿರುತ್ತದೆ ಎಂಬುದು ಗೊತ್ತಿರಬೇಕು. ಆ ಎರಡೂ ಪದಕಗಳ ಹೆಸರು ಬ್ರಿಟಿಷ್ ವಾರ್ ಮೆಡಲ್. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗಾಗಿ ಇದನ್ನು 1919ರಲ್ಲಿ ಸ್ಥಾಪಿಸಲಾಯಿತು. ಮುಂಭಾಗದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ ಇದೆ. ಹಿಂಭಾಗದಲ್ಲಿ ಕುದುರೆಯ ಮೇಲೆ ಕುಳಿತ ಬತ್ತಲೆ ಸವಾರನೊಬ್ಬನಿದ್ದಾನೆ. ಕುದುರೆಯ ಗೊರಸಿನ ಕೆಳಗೆ ಹದ್ದಿನ ಚಿತ್ರವಿರುವ ಗುರಾಣಿ ಇದೆ. ಪಕ್ಕದಲ್ಲಿ 1914 ಮತ್ತು 1918 ಎಂಬ ಇಸವಿಗಳಿವೆ. ಬಿಲ್ಲೆಯ ವ್ಯಾಸ 36 ಮಿಲಿಮೀಟರ್. ಅದರ ತಲೆಯ ಮೇಲೆ ಪಟ್ಟಿಯನ್ನು ಪೋಣಿಸಲು ಅತ್ತಿತ್ತ ತಿರುಗದ ನೇರವಾದ ಕೊಂಡಿ ಇರುತ್ತದೆ. ಪಟ್ಟಿಯ ನಡುವೆ ಅಗಲವಾದ ಕಿತ್ತಳೆ ಬಣ್ಣ, ಅದರ ಎರಡೂ ಬದಿಗೆ ಬಿಳಿ ಮತ್ತು ಕಪ್ಪು ಗೆರೆಗಳು, ಕೊನೆಯಲ್ಲಿ ನೀಲಿ. ಪಡೆದವನ ಸಂಖ್ಯೆ, ದರ್ಜೆ, ಹೆಸರು ಮತ್ತು ದಳವನ್ನು ಬಿಲ್ಲೆಯ ಅಂಚಿನ ದಪ್ಪದ ಮೇಲೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಒತ್ತಿರುತ್ತಾರೆ.

ಈ ಪದಕವನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೆಳ್ಳಿಯಲ್ಲಿ ಅಚ್ಚು ಹಾಕಿದರು. 1980ರ ಸುಮಾರಿಗೆ ಬೆಳ್ಳಿಯ ಬೆಲೆ ಗಗನಕ್ಕೇರಿದಾಗ ಎಷ್ಟೋ ಮನೆಗಳ ಪದಕಗಳು ಕರಗಿ ಹೋದವು. ಉಳಿದವುಗಳಿಗೆ ಈಗ ಸಂಗ್ರಹಕಾರರಲ್ಲಿ ಬೇಡಿಕೆ ಇದೆ. ಎಲ್ಲಿ ಬೇಡಿಕೆ ಇದೆಯೋ ಅಲ್ಲಿಗೆ ನಕಲೂ ಬರುತ್ತದೆ.

ಈಗ ತೂಕದ ವಿಷಯಕ್ಕೆ ಬರೋಣ.

ಪಟ್ಟಿಯನ್ನು ಬಿಡಿಸಿ ತೂಗಿದರೆ ಬೆಳ್ಳಿಯ ಈ ಪದಕ ಹೆಚ್ಚುಕಡಿಮೆ 32 ಗ್ರಾಂ ಬರುತ್ತದೆ. ಆದರೆ ತೂಕವೊಂದನ್ನೇ ನಂಬುವಂತಿಲ್ಲ. ನಕಲು ಮಾಡುವವನು ಬಿಲ್ಲೆಯನ್ನು ತುಸು ದಪ್ಪ ಮಾಡಿದರೆ ಹಗುರವಾದ ಲೋಹವೂ ಸರಿಯಾದ ತೂಕಕ್ಕೆ ಬಂದುಬಿಡುತ್ತದೆ. ಆದ್ದರಿಂದ ತೂಕದ ಜೊತೆಗೆ ಗಾತ್ರವನ್ನೂ ಅಳೆದು ಸಾಂದ್ರತೆಯನ್ನು ತಿಳಿಯಬೇಕು. ನೀವು ಪಾಠದಲ್ಲಿ ಓದಿರುವ ಆರ್ಕಿಮಿಡೀಸನ ತತ್ವ ಇಲ್ಲಿ ಕೈಗೆ ಬರುತ್ತದೆ.

ಮೊದಲು ಪದಕವನ್ನು ಹಾಗೆಯೇ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕೊಂಡಿಗೆ ತೆಳುವಾದ ನೂಲು ಕಟ್ಟಿ ಪದಕವನ್ನು ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ಅದು ಲೋಟದ ತಳಕ್ಕಾಗಲಿ ಗೋಡೆಗಾಗಲಿ ತಗಲಬಾರದು. ಮೈಗೆ ಅಂಟಿದ ಗಾಳಿಗುಳ್ಳೆಗಳನ್ನು ಮೆಲ್ಲಗೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಗ್ರಾಂಗಳ ಅಂಕಿಯೇ ಪದಕದ ಗಾತ್ರ, ಘನ ಸೆಂಟಿಮೀಟರ್‌ಗಳಲ್ಲಿ. ಮೊದಲ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಕೆಲಸ ಮುಗಿದ ಕೂಡಲೇ ಮೆತ್ತನೆಯ ಬಟ್ಟೆಯಿಂದ ತೇವವನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ.

ಪದಕಕ್ಕೆ ಬಳಸುತ್ತಿದ್ದ, ನೂರಕ್ಕೆ 92.5 ಪಾಲು ಶುದ್ಧವಾದ ಬೆಳ್ಳಿಯ ಸಾಂದ್ರತೆ ಸುಮಾರು 10.3 ಅಥವಾ 10.4. ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಬಿಳಿ ಲೋಹದ್ದು 8.9ರ ಆಸುಪಾಸು. ಹಿತ್ತಾಳೆ 8.5ರ ಹತ್ತಿರ. ಸತುವಿನ ಅಗ್ಗದ ಎರಕ 7ರ ಸುಮಾರಿಗೆ ನಿಲ್ಲುತ್ತದೆ. ಮೇಲೆ ಬೆಳ್ಳಿಯ ಲೇಪ ಎಷ್ಟೇ ಹೊಳೆಯುತ್ತಿರಲಿ, ಒಳಗಿರುವುದು ಏನೆಂದು ಈ ಅಂಕಿ ಹೇಳಿಬಿಡುತ್ತದೆ.

ಹುಡುಗನ ಪದಕ 31.8 ಗ್ರಾಂ ತೂಗಿತು. ನೀರಿನಲ್ಲಿ ತಕ್ಕಡಿ 3.07 ತೋರಿಸಿತು. ಭಾಗಿಸಿದರೆ 10.36. ಅಂದರೆ ಒಳ್ಳೆಯ ಬೆಳ್ಳಿ. ಅವನ ಮುಖ ಅರಳಿತು. ಹುಡುಗಿಯ ಪದಕ 27.4 ಗ್ರಾಂ, ನೀರಿನಲ್ಲಿ 3.12. ಸಾಂದ್ರತೆ 8.78. ಬೆಳ್ಳಿಯಂತೂ ಅಲ್ಲ. ಅಂಗಡಿಯವರ ಮಾತು ನಿಜವಾಯಿತೇನೋ ಎಂದು ಅವಳು ತಲೆ ತಗ್ಗಿಸಿದಳು.

ಇಲ್ಲಿಯೇ ಅವಸರ ಪಡಬಾರದು. ಸಾಂದ್ರತೆ ಹೇಳಿದ್ದು ಲೋಹ ಯಾವುದು ಎಂಬುದನ್ನು ಮಾತ್ರ. ಅದನ್ನು ಯಾರು, ಯಾವಾಗ, ಹೇಗೆ ಮಾಡಿದರು ಎಂಬುದನ್ನು ಅದು ಹೇಳಲಾರದು. ಅಂಗಡಿಯವರು ಮರೆತ ಸಂಗತಿಯೊಂದಿದೆ. ಇದೇ ಪದಕವನ್ನು ಕಂಚಿನಲ್ಲಿಯೂ ಅಚ್ಚು ಹಾಕಿದ್ದರು. ಬಂದೂಕು ಹಿಡಿದ ಸಿಪಾಯಿಗೆ ಬೆಳ್ಳಿ. ರಸ್ತೆ ಹಾಕಿದ, ಹಡಗಿನಿಂದ ಮೂಟೆ ಇಳಿಸಿದ, ಹಳಿ ಜೋಡಿಸಿದ ಕೂಲಿದಳದವನಿಗೆ ಕಂಚು. ಭಾರತ, ಚೀನಾ, ಮಾಲ್ಟಾ ಮುಂತಾದ ಕಡೆಗಳ ಕೂಲಿದಳದವರಿಗೆ ಹೀಗೆ ಕೊಟ್ಟ ಕಂಚಿನ ಪದಕಗಳ ಸಂಖ್ಯೆ ಸುಮಾರು ಒಂದು ಲಕ್ಷ ಹತ್ತು ಸಾವಿರ. ಅಳತೆ ಅದೇ, ಚಿತ್ರ ಅದೇ, ಲೋಹ ಮಾತ್ರ ಬೇರೆ. ಕಂಚಿನ ಸಾಂದ್ರತೆ 8.8ರ ಹತ್ತಿರ. ಹಾಗಾಗಿ 8.78 ಎಂಬ ಅಂಕಿ ಅಸಲು ಕಂಚಿನ ಪದಕಕ್ಕೂ ಒಪ್ಪುತ್ತದೆ, ಬೇರೊಂದು ತಾಮ್ರಮಿಶ್ರ ಲೋಹದಲ್ಲಿ ಎರಕ ಹೊಯ್ದ ನಕಲಿಗೂ ಒಪ್ಪಬಹುದು. ಇವೆರಡರಲ್ಲಿ ಯಾವುದೆಂದು ತೀರ್ಮಾನಿಸಲು ಅಂಚನ್ನೇ ಕೇಳಬೇಕು.

ಅಂಚು ಏಕೆ ಮುಖ್ಯ? ಪದಕ ತಯಾರಾದ ಬಗೆ ಅಲ್ಲಿ ಉಳಿದಿರುತ್ತದೆ. ಅಸಲು ಪದಕವನ್ನು ಟಂಕಸಾಲೆಯಲ್ಲಿ ಉಕ್ಕಿನ ಅಚ್ಚುಗಳ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಭಾರೀ ಒತ್ತಡದಿಂದ ಮುದ್ರಿಸುತ್ತಾರೆ. ಒತ್ತಡಕ್ಕೆ ಸಿಕ್ಕಿದ ಲೋಹ ಗಟ್ಟಿಯಾಗಿ ಅಚ್ಚಿನ ಮೂಲೆಮೂಲೆಯನ್ನೂ ತುಂಬುತ್ತದೆ. ಅದರಿಂದ ಗೆರೆಗಳು ಚೂಪಾಗಿಯೂ ಬಯಲು ಭಾಗ ನುಣುಪಾಗಿಯೂ ಬರುತ್ತವೆ. ನಕಲು ಮಾಡುವವರಲ್ಲಿ ಹೆಚ್ಚಿನವರಿಗೆ ಅಂಥ ಯಂತ್ರ ಸಿಗುವುದಿಲ್ಲ. ಅವರು ಅಸಲು ಪದಕವೊಂದನ್ನು ಮಣ್ಣಿನಲ್ಲೋ ರಬ್ಬರಿನಲ್ಲೋ ಒತ್ತಿ ಅಚ್ಚು ತೆಗೆದು, ಕರಗಿದ ಲೋಹವನ್ನು ಅದರೊಳಗೆ ಹೊಯ್ಯುತ್ತಾರೆ.

ಹೀಗೆ ಎರಕ ಹೊಯ್ದ ಪದಕ ಮೂರು ಗುರುತುಗಳನ್ನು ಬಿಡುತ್ತದೆ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ; ಆದ್ದರಿಂದ ವ್ಯಾಸ 36ರ ಬದಲು 35.5 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಬರುತ್ತದೆ. ಇದು ಮೊದಲನೆಯದು. ಎರಡು ಹೋಳಿನ ಅಚ್ಚು ಕೂಡುವ ಜಾಗದಲ್ಲಿ ಅಂಚಿನ ಸುತ್ತ ಸಣ್ಣ ಏಣು ಏಳುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆದರೂ ಅರದ ಗೀರುಗಳು ಉಳಿಯುತ್ತವೆ. ಇದು ಎರಡನೆಯದು. ಮೂರನೆಯದು, ಮೈಮೇಲಿನ ಸೂಜಿಮೊನೆಯಂಥ ತೂತುಗಳು. ಲೋಹದಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳಿವು. ದೊರೆಯ ಕಿವಿಯ ಹಿಂದೆ, ಕುದುರೆಯ ಕಾಲುಗಳ ಸಂದಿಯಲ್ಲಿ, ಕೊಂಡಿ ಕೂಡುವ ಕಡೆ ಭೂತಗನ್ನಡಿ ಹಿಡಿದು ನೋಡಿದರೆ ಕಾಣುತ್ತವೆ.

ಅಂಚಿನ ಅಕ್ಷರಗಳನ್ನೂ ಹೀಗೆಯೇ ನೋಡಬೇಕು. ಉಕ್ಕಿನ ಅಕ್ಷರಮೊಳೆಯಿಂದ ಒತ್ತಿದ ಅಕ್ಷರದ ತಳ ಸಮವಾಗಿರುತ್ತದೆ, ಗೋಡೆ ನೆಟ್ಟಗಿರುತ್ತದೆ. ಎರಕದಲ್ಲಿ ಬಂದ ಅಕ್ಷರದ ತಳ ಒರಟು. ಮೂಲೆಗಳು ನೀರಿನಲ್ಲಿ ನೆನೆದ ಸಾಬೂನಿನಂತೆ ದುಂಡಗಾಗಿರುತ್ತವೆ.

ಹುಡುಗಿಯ ಕಂಚಿನ ಪದಕವನ್ನು ಕ್ಯಾಲಿಪರಿನಲ್ಲಿ ಹಿಡಿದೆವು. ಯಾವ ದಿಕ್ಕಿನಲ್ಲಿ ಅಳೆದರೂ 36.0. ಅಂಚಿನಲ್ಲಿ ಏಣಿಲ್ಲ, ಅರದ ಗೀರಿಲ್ಲ, ತೂತಿಲ್ಲ. ಸಂಖ್ಯೆ, ಹೆಸರು, ಕೊನೆಯಲ್ಲಿ ಲೇಬರ್ ಕೋರ್ ಎಂಬುದರ ಸಂಕ್ಷಿಪ್ತ ರೂಪ; ಎಲ್ಲವೂ ಚೂಪಾದ ಅಕ್ಷರಗಳು. ಅಕ್ಷರದ ಕುಳಿಯೊಳಗೂ ಸುತ್ತಲಿನ ಅಂಚಿನಲ್ಲೂ ಒಂದೇ ಬಗೆಯ ಕಂದು ಬಣ್ಣ ಕುಳಿತಿತ್ತು. ಈ ಕೊನೆಯ ಮಾತನ್ನು ನೆನಪಿಡಿ. ಅಕ್ಷರ ಮತ್ತು ಅಂಚು ಒಟ್ಟಿಗೆ ಹಳೆಯದಾಗಿವೆ ಎಂದು ಅದರ ಅರ್ಥ.

ಇನ್ನು ಹುಡುಗನ ಬೆಳ್ಳಿಯ ಪದಕ. ಚಿತ್ರ ಚೂಪಾಗಿತ್ತು, ತೂತುಗಳಿರಲಿಲ್ಲ. ಅದು ಟಂಕಸಾಲೆಯಲ್ಲೇ ಅಚ್ಚಾದ ಬಿಲ್ಲೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಕ್ಯಾಲಿಪರನ್ನು ಹೆಸರಿಲ್ಲದ ಭಾಗಕ್ಕೆ ಹಿಡಿದಾಗ 36.0 ಬಂದಿತು. ಹೆಸರಿರುವ ಭಾಗವನ್ನು ಹಾದು ಹೋಗುವಂತೆ ಹಿಡಿದಾಗ 35.6. ಒಂದೇ ಬಿಲ್ಲೆಗೆ ಎರಡು ವ್ಯಾಸ ಹೇಗೆ ಬಂದಿತು? ಮುಂಭಾಗವನ್ನು ತಿರುಗಿಸಿ ನೋಡಿದೆವು. ಬಿಲ್ಲೆಯ ಸುತ್ತಲೂ ಎದ್ದಿರುವ ಕಟ್ಟು ಮೇಲುಗಡೆ ಅಗಲವಾಗಿತ್ತು. ಹೆಸರಿರುವ ಕೆಳಗಡೆ ಸಣಕಲಾಗಿತ್ತು. ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದೇ ದಿಕ್ಕಿನಲ್ಲಿ ಓಡುವ ನವಿರಾದ ಗೀರುಗಳು ಕಂಡವು.

ನಡೆದದ್ದು ಇಷ್ಟು. ಯಾರೋ ಒಬ್ಬ ಸಾಮಾನ್ಯ ಸಿಪಾಯಿಯ ಅಸಲು ಪದಕವನ್ನು ತೆಗೆದುಕೊಂಡು, ಅವನ ಹೆಸರನ್ನು ಅರದಿಂದ ಉಜ್ಜಿ ಅಳಿಸಿ, ಆ ಜಾಗದಲ್ಲಿ ಹೊಸ ಹೆಸರನ್ನು ಕೊರೆದಿದ್ದರು. ಏಕೆಂದರೆ ಮೈಸೂರು ಲ್ಯಾನ್ಸರ್ಸ್ ಹೆಸರಿಗೆ ಬೆಲೆ ಹೆಚ್ಚು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ದಳಗಳು ಕುದುರೆಯ ಮೇಲೆ ನುಗ್ಗಿ ಹೈಫಾ ಪಟ್ಟಣವನ್ನು ಗೆದ್ದುಕೊಂಡವು. ದೆಹಲಿಯ ತೀನ್‌ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರು ದಳಗಳ ನೆನಪಿನವು. ಆ ಕೀರ್ತಿಯನ್ನೇ ಬಂಡವಾಳ ಮಾಡಿಕೊಂಡು ಒಬ್ಬ ಸಿಪಾಯಿಯ ಗುರುತನ್ನು ಅಳಿಸಿದ್ದರು. ಒಮ್ಮೆ ಅರ ಆಡಿದ ಮೇಲೆ ಆ ಹೆಸರನ್ನು ನಾವು ಮತ್ತೆ ಓದಲಾರೆವು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಕ್ಷರಗಳ ಶೈಲಿಯನ್ನಷ್ಟೇ ನೋಡಿ ತೀರ್ಮಾನ ಮಾಡಬೇಡಿ. ಹೆಸರು ಒತ್ತುವ ಕೆಲಸ ಎಲ್ಲಾ ಕಡೆಯೂ ಒಂದೇ ಬಗೆಯ ಅಕ್ಷರಗಳಲ್ಲಿ ನಡೆಯಲಿಲ್ಲ. ಅದೇ ದಳದ, ನಂಬಬಹುದಾದ ಇನ್ನೊಂದು ಪದಕದ ಪಕ್ಕದಲ್ಲಿಟ್ಟು ಹೋಲಿಸುವುದು ಒಳ್ಳೆಯದು. ಅದು ಸಿಗದಿದ್ದರೆ ಅಳತೆಯನ್ನೇ ನಂಬಿ.

ಇನ್ನು ಪಟ್ಟಿ. ಆಗಿನ ಪಟ್ಟಿಗಳು ರೇಷ್ಮೆಯವು. ಈ ಪದಕದ ಪಟ್ಟಿಯ ನಡುಭಾಗವನ್ನು ಬೆಳಕಿಗೆ ಹಿಡಿದರೆ ನೀರಿನ ಅಲೆಯಂಥ ಮಿರುಗು ಕಾಣುತ್ತದೆ. ನಿಜವಾಗಿ ಧರಿಸಿದ ಪಟ್ಟಿ ಎಲ್ಲಾ ಕಡೆಯೂ ಒಂದೇ ಸಮನೆ ಸವೆಯುವುದಿಲ್ಲ. ಕೊಂಡಿಯ ಕಂಬಿಗೆ ತಾಗುವ ಮಡಿಕೆಯಲ್ಲಿ ಎಳೆಗಳು ಮೊದಲು ಹರಿಯುತ್ತವೆ. ಮೇಲ್ಗಡೆ ಪಿನ್ನು ಚುಚ್ಚಿದ ಜಾಗದಲ್ಲಿ ಸಣ್ಣ ತೂತುಗಳೂ ಅವುಗಳ ಸುತ್ತ ತುಕ್ಕಿನ ಕಲೆಯೂ ಇರುತ್ತವೆ. ಬಿಸಿಲು ಬಿದ್ದ ಎದುರುಭಾಗ ಮಾಸುತ್ತದೆ. ಮಡಿಕೆಯ ಒಳಗೆ ಬಣ್ಣ ಹೊಸದರಂತೆ ಉಳಿಯುತ್ತದೆ. ಹಳೆಯದೆಂದು ತೋರಿಸಲು ಚಹಾದ ನೀರಿನಲ್ಲಿ ಅದ್ದಿದ ಪಟ್ಟಿಯಾದರೆ ಹೊರಗೂ ಒಳಗೂ ಒಂದೇ ಕಂದು. ಆದ್ದರಿಂದ ಪಟ್ಟಿಯ ಮಡಿಕೆಯನ್ನು ಬಿಡಿಸಿ ಒಳಗೆ ನೋಡುವುದೇ ಮೊದಲ ಪರೀಕ್ಷೆ.

ಎರಡನೆಯ ಪರೀಕ್ಷೆ, ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಇಟ್ಟಿರುವ ನೇರಳಾತೀತ ದೀಪದ್ದು. ಬಟ್ಟೆ ಬೆಳ್ಳಗೆ ಕಾಣಲೆಂದು ಈಗ ಬೆರೆಸುವ ರಾಸಾಯನಿಕಗಳು ಆ ದೀಪದ ಕೆಳಗೆ ನೀಲಿ ಛಾಯೆಯ ಬಿಳುಪಾಗಿ ಹೊಳೆಯುತ್ತವೆ. ಅವು ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ. 1920ರ ಹೊತ್ತಿನ ರೇಷ್ಮೆಯ ಬಿಳಿ ಗೆರೆ ಹಾಗೆ ಹೊಳೆಯಬಾರದು. ಆದರೆ ಹಳೆಯ ಪಟ್ಟಿಯನ್ನು ಯಾರಾದರೂ ಇತ್ತೀಚಿನ ಸಾಬೂನಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ಆಗ ಉದುರಿದ ಒಂದೇ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು, ಹಿರಿಯರ ಎದುರಿನಲ್ಲಿ ಸುಟ್ಟು ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿಯಾದ ಮಣಿಯಾಗುತ್ತದೆ.

ಪಟ್ಟಿಯ ಸಾಕ್ಷ್ಯವನ್ನು ನಾನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ. ಪಟ್ಟಿ ಬದಲಾಗುವ ವಸ್ತು. ಸೈನಿಕನೇ ಹರಿದ ಪಟ್ಟಿಯನ್ನು ತೆಗೆದು ಹೊಸದು ಹಾಕಿಸಿಕೊಂಡಿರಬಹುದು. ಹಾಗೆಯೇ ಅಸಲು ಹಳೆಯ ಪಟ್ಟಿಯನ್ನು ನಕಲಿ ಬಿಲ್ಲೆಗೆ ಪೋಣಿಸುವುದೂ ಕಷ್ಟವಲ್ಲ. ಹೊಸ ಪಟ್ಟಿ ಇದ್ದ ಮಾತ್ರಕ್ಕೆ ಪದಕ ಸುಳ್ಳಲ್ಲ. ಹಳೆಯ ಪಟ್ಟಿ ಇದ್ದ ಮಾತ್ರಕ್ಕೆ ಪದಕ ನಿಜವೂ ಅಲ್ಲ. ಬಿಲ್ಲೆ ಹೇಳುವುದನ್ನು ಪಟ್ಟಿಯೂ ಅನುಮೋದಿಸುತ್ತದೆಯೇ ಎಂದು ನೋಡಬೇಕು, ಅಷ್ಟೇ.

ಹುಡುಗನ ಪದಕದ ಪಟ್ಟಿಯ ಬಿಳಿ ಗೆರೆ ದೀಪದ ಕೆಳಗೆ ಝಗ್ಗನೆ ಹೊಳೆಯಿತು. ಅದರ ಎಳೆ ಕರಗಿ ಮಣಿಯಾಯಿತು. ಹುಡುಗಿಯ ಪದಕಕ್ಕೆ ಉಳಿದಿದ್ದುದು ಎರಡು ಬೆರಳಷ್ಟು ಪಟ್ಟಿ. ಕಂಬಿಯ ಬಳಿ ಅರ್ಧ ಹರಿದಿತ್ತು, ಎದುರಿನ ಕಿತ್ತಳೆ ಬಣ್ಣ ಒಣಹುಲ್ಲಿನಂತಾಗಿತ್ತು. ಮಡಿಕೆ ಬಿಡಿಸಿದಾಗ ಒಳಗೆ ಹಣ್ಣಾದ ಕಿತ್ತಳೆಯ ಬಣ್ಣ ಹಾಗೆಯೇ ಇತ್ತು. ಎರಡು ತುಕ್ಕಿನ ಚುಕ್ಕೆಗಳೂ ಇದ್ದವು. ಎಂದರೆ ಆ ಮನುಷ್ಯ ಈ ಪದಕವನ್ನು ಎದೆಗೆ ಚುಚ್ಚಿಕೊಂಡು ಬಿಸಿಲಿನಲ್ಲಿ ನಡೆದಿದ್ದ.

ಟೋಪಿಯ ಮೇಲಿನ ಬ್ಯಾಜುಗಳಿಗೂ ಇದೇ ದಾರಿ ಒಪ್ಪುತ್ತದೆ. ಅಚ್ಚಿನಲ್ಲಿ ಒತ್ತಿ ತಯಾರಿಸಿದ ಹಿತ್ತಾಳೆಯ ಬ್ಯಾಜನ್ನು ಮಗುಚಿ ನೋಡಿ. ಮುಂದೆ ಉಬ್ಬಿರುವುದೆಲ್ಲ ಹಿಂದೆ ತಗ್ಗಾಗಿ ಕಾಣುತ್ತದೆ. ಎರಕದ ಬ್ಯಾಜಿನ ಬೆನ್ನು ಚಪ್ಪಟೆಯಾಗಿಯೋ ಮರಳು ಮರಳಾಗಿಯೋ ಇರುತ್ತದೆ. ಕೈಗೆ ದಪ್ಪ ಎನಿಸುತ್ತದೆ. ಚಿತ್ರದ ನಡುವೆ ಲೋಹವನ್ನು ಕತ್ತರಿಸಿ ತೆಗೆದ ಕಿಂಡಿಗಳಿದ್ದರೆ ಅವುಗಳ ಅಂಚು ಚೂಪಾಗಿ ನೆಟ್ಟಗಿರಬೇಕು. ಎರಕದಲ್ಲಿ ಅದು ದುಂಡಗಾಗಿ, ಒಳಗೆ ಲೋಹದ ತೆಳು ಪೊರೆ ಉಳಿದಿರುತ್ತದೆ. ಆದರೆ ಹಳೆಯ ಉಕ್ಕಿನ ಅಚ್ಚುಗಳನ್ನೇ ಬಳಸಿ ಬಹುಕಾಲದ ನಂತರ ಒತ್ತಿದ ಬ್ಯಾಜುಗಳೂ ಇವೆ. ಅವುಗಳ ಮುಖ ನೋಡಿ ಹೇಳುವುದು ಕಷ್ಟ. ಬೆನ್ನಿನ ಮೇಲಿನ ಕೊಳವೆ ಅಥವಾ ಪಟ್ಟಿಯ ಬೆಸುಗೆ ಹೊಳೆಯುವಷ್ಟು ಹೊಸದಾಗಿದ್ದು, ಬ್ಯಾಜಿನ ಮುಖ ಮಾತ್ರ ಹಳೆಯದಾಗಿದ್ದರೆ ಅನುಮಾನ ಪಡಿ.

ನಕಲು ಎಂದ ಮಾತ್ರಕ್ಕೆ ಮೋಸವೆಂದು ತಿಳಿಯಬೇಡಿ. ಅಸಲು ಪದಕ ಕಳೆದೀತೆಂಬ ಭಯದಿಂದ ಅದನ್ನು ಮನೆಯಲ್ಲಿಟ್ಟು, ಪ್ರತಿಯೊಂದನ್ನು ಮಾಡಿಸಿ ಸಮಾರಂಭಗಳಿಗೆ ಧರಿಸುವ ನಿವೃತ್ತ ಸೈನಿಕರಿದ್ದಾರೆ. ಅದು ತಪ್ಪಲ್ಲ. ಪ್ರತಿಯನ್ನು ಅಸಲು ಎಂದು ಮಾರುವುದು, ಒಬ್ಬನ ಹೆಸರನ್ನು ಅಳಿಸಿ ಇನ್ನೊಬ್ಬನದನ್ನು ಕೊರೆಯುವುದು ತಪ್ಪು.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂಥದ್ದೇನಾದರೂ ಸಿಕ್ಕಿದರೆ ಅದನ್ನು ಹುಣಸೆಹಣ್ಣು ಹಾಕಿ ಬೆಳಗಬೇಡಿ. ಅಕ್ಷರದ ಕುಳಿಯಲ್ಲಿ ಕುಳಿತಿರುವ ಕಪ್ಪೇ ನಿಮ್ಮ ಸಾಕ್ಷಿ. ಹೊಳಪಿನ ಆಸೆಗೆ ಅದನ್ನು ಕಳೆದುಕೊಂಡರೆ ಮತ್ತೆ ಬರುವುದಿಲ್ಲ. ಅಂಚಿನ ಮೇಲಿನ ಬರಹವನ್ನು ಮೊದಲು ಒಂದು ಕಾಗದದ ಮೇಲೆ ಅಕ್ಷರ ಬಿಡದೆ ಬರೆದುಕೊಂಡು, ಪದಕದ ಜೊತೆಯಲ್ಲೇ ಇಡಿ.

ಅಂದು ಸಂಜೆ ಹುಡುಗ ತನ್ನ ಬೆಳ್ಳಿಯ ಪದಕವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕುಳಿತಿದ್ದ. “ಮೊದಲು ಇದು ಯಾರದಾಗಿತ್ತು ಸಾರ್?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗಿ ತನ್ನ ಕಂಚಿನ ಬಿಲ್ಲೆಯ ಅಂಚನ್ನು ಭೂತಗನ್ನಡಿಯಲ್ಲಿ ನಿಧಾನವಾಗಿ ತಿರುಗಿಸುತ್ತ ಮುತ್ತಜ್ಜನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಆ ಹೆಸರನ್ನು ಬರೆಯುವಾಗ ಗುಮಾಸ್ತ ಒಂದು ಅಕ್ಷರವನ್ನು ತಪ್ಪಾಗಿ ಬರೆದಿದ್ದ. ಅವಳು ನಕ್ಕು, “ಅಜ್ಜಿಯೂ ಇದನ್ನೇ ಹೇಳುತ್ತಿದ್ದರು, ಸರ್ಕಾರದವರು ಅಪ್ಪನ ಹೆಸರನ್ನು ಸರಿಯಾಗಿ ಬರೆಯಲಿಲ್ಲ ಅಂತ” ಎಂದಳು. ತಕ್ಕಡಿ, ಕ್ಯಾಲಿಪರ್, ದೀಪ ಎಲ್ಲವೂ ಸೇರಿ ಹೇಳಿದ್ದನ್ನು ಆ ಒಂದು ತಪ್ಪಕ್ಷರವೂ ಒಪ್ಪಿತು.